ಸೋದರಮಾವನ ಕುರಿ, ಬ್ಯಾಂಕಿನ ಮಿಷನ್ನು

ಆ ಹೊಲಿಗೆ ಮಿಷನ್ ಇದ್ದದ್ದು ನಮ್ಮ ಮನೆಯಲ್ಲಿ, ಆದರೆ ಅದು ನಮ್ಮದಲ್ಲ. ಹೊಳಲ್ಕೆರೆಯ ಪೇಟೆ ಬೀದಿಯಲ್ಲಿದ್ದ ಜವಳಿ ಅಂಗಡಿಯ ಸಾಹುಕಾರರದು. ಊರಿನಲ್ಲಿ ನಮ್ಮಂಥ ಆರೇಳು ಹೆಂಗಸರ ಮನೆಗೆ ಅವರು ಮಿಷನ್ ಕೊಟ್ಟಿದ್ದರು. ಬಟ್ಟೆ ಅವರದು, ದಾರ ಅವರದು, ಮಿಷನ್ನಿನ ಬಾಡಿಗೆಯನ್ನು ನಮ್ಮ ಕೂಲಿಯಲ್ಲೇ ಮುರಿದುಕೊಳ್ಳುತ್ತಿದ್ದರು. ವರ್ಷವೆಲ್ಲ ಹೆಂಗಸರ ಒಳಲಂಗ, ಬೇಸಿಗೆಯಲ್ಲಿ ಶಾಲೆ ಮಕ್ಕಳ ಖಾಕಿ ಚಡ್ಡಿ, ಬಿಳಿ ಅಂಗಿ. ಒಂದೇ ಕಟ್ಟುಪಾಡು, ಅಂಗಡಿಯ ಮಿಷನ್ನಿನಲ್ಲಿ ಹೊರಗಿನವರ ಬಟ್ಟೆ ಹೊಲಿಯುವಂತಿಲ್ಲ. ಒಂದು ಕುಪ್ಪಸಕ್ಕೆ ಸಿಗುವ ಕೂಲಿ ಐದು ಲಂಗ ಹೊಲಿದರೂ ಸಿಗದು ಎಂದು ನಮಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ನನಗೆ ಆಗ ಇಪ್ಪತ್ತನಾಲ್ಕು. ಏಳನೇ ಕ್ಲಾಸಿನವರೆಗೆ ಓದಿದ್ದೆ. ನನ್ನ ಗಂಡ ಕಡಲೆಕಾಯಿ ಎಣ್ಣೆ ಮಿಲ್ಲಿನಲ್ಲಿ ಮೂಟೆ ಹೊರುತ್ತಿದ್ದರು. ಮೈದುನ ಲಾರಿಯಲ್ಲಿ ಕ್ಲೀನರ್. ಎರಡು ಕೋಣೆಯ ಮನೆ, ಹಿಂದೆ ಒಂದಿಷ್ಟು ಖಾಲಿ ಜಾಗ, ಮನೆಗೆ ಯಜಮಾನಿ ನಮ್ಮತ್ತೆ. ಅತ್ತೆ ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದವರು. ಹೊಸದುರ್ಗದ ಕಡೆ ಅವರ ತಮ್ಮನಿಗೆ ದೊಡ್ಡ ಹಿಂಡೇ ಇತ್ತು. ಮದುವೆಯಾಗಿ ಈ ಊರಿಗೆ ಬಂದ ಮೇಲೆ ಅತ್ತೆಗೆ ಒಂದು ಮರಿಯೂ ಸ್ವಂತಕ್ಕಿರಲಿಲ್ಲ. ಆದರೂ ಮಾತಿನಲ್ಲಿ ಮಾತ್ರ ಹಿಂಡು ಇಟ್ಟವರ ಗತ್ತು ಬಿಟ್ಟಿರಲಿಲ್ಲ.

ಪಕ್ಕದ ಮನೆಯಾಕೆಯ ಮಗಳಿಗೆ ಸೀಮಂತ. ಹಸಿರು ಕುಪ್ಪಸವನ್ನು ನೀನೇ ಹೊಲಿದುಕೊಡು ಎಂದು ಆಕೆ ಗಲ್ಲ ಹಿಡಿದು ಕೇಳಿದಳು. ಮಧ್ಯಾಹ್ನ ಬಾಗಿಲು ಮುಚ್ಚಿ ಹೊಲಿದುಕೊಟ್ಟೆ. ಮಾರನೆಯ ದಿನ ಮಿಷನ್ನಿಗೆ ಎಣ್ಣೆ ಬಿಡಲು ಬಂದ ಅಂಗಡಿಯ ಮನುಷ್ಯ ಬಾಬಿನ್ ತೆಗೆದು ನೋಡಿದ. ಅಂಗಡಿಯಿಂದ ನಮಗೆ ಬರುತ್ತಿದ್ದದ್ದು ಬಿಳಿ ದಾರ, ಖಾಕಿ ದಾರ ಎರಡೇ. ಬಾಬಿನ್ನಿನಲ್ಲಿ ಮೊಳದಷ್ಟು ಹಸಿರು ದಾರ ಉಳಿದಿತ್ತು. ಸಂಜೆಯೊಳಗೆ ಮಿಷನ್ ಕೈಗಾಡಿಯ ಮೇಲೆ ಹೋಯಿತು. ಎಂಟು ದಿನ ಅಂಗಡಿಯ ಮೆಟ್ಟಿಲ ಹತ್ತಿರ ನಿಂತು ತಪ್ಪಾಯ್ತು ಎಂದ ಮೇಲೆ ಅದನ್ನು ವಾಪಸು ಕಳಿಸಿದರು. ಆ ಎಂಟು ದಿನ ನಾನು ಪಟ್ಟ ಅವಮಾನ ಇವತ್ತಿಗೂ ಮೈ ಉರಿಸುತ್ತದೆ. ಹೊಲಿಯುವ ಕೈ ನನ್ನದು, ಕಾಲು ನನ್ನದು, ಬೆನ್ನುನೋವು ನನ್ನದು. ಹಸಿರು ದಾರ ಹಾಕಲು ಮಾತ್ರ ಅವರ ಅಪ್ಪಣೆ ಬೇಕು!

ಆ ವರ್ಷಗಳಲ್ಲಿ ಬ್ಯಾಂಕುಗಳು ಬಡವರಿಗೂ ಸಾಲ ಕೊಡುತ್ತವೆ ಎಂಬ ಮಾತು ಎಲ್ಲೆಲ್ಲೂ ಓಡಾಡುತ್ತಿತ್ತು. ನಮ್ಮೂರ ಬ್ಯಾಂಕಿನ ಬಾಗಿಲಲ್ಲಿ ಒಂದು ಬೋರ್ಡು ಕೂಡ ಇತ್ತು. ನೂರು ರೂಪಾಯಿಗೆ ವರ್ಷಕ್ಕೆ ನಾಲ್ಕೇ ರೂಪಾಯಿ ಬಡ್ಡಿ, ಅಡಮಾನ ಬೇಡ. ಅದನ್ನು ಓದಿ ನಾನು ಮೂರು ಸಲ ಬಾಗಿಲವರೆಗೆ ಹೋಗಿ ವಾಪಸು ಬಂದೆ. ನಾಲ್ಕನೇ ಸಲ ಗಂಡನನ್ನು ಕರೆದುಕೊಂಡು ಒಳಗೆ ಹೋದೆ.

ಸಾಲ ನೋಡಿಕೊಳ್ಳುವ ಅಧಿಕಾರಿ ಮೈಸೂರು ಕಡೆಯ ಹುಡುಗ, ನನಗಿಂತ ನಾಲ್ಕೈದು ವರ್ಷ ದೊಡ್ಡವನಿದ್ದಾನು. ಎದುರಿನ ಕುರ್ಚಿ ತೋರಿಸಿ, “ಕೂತ್ಕೊಳ್ಳಿ ಅಮ್ಮ, ಏನು ಬೇಕಾಗಿತ್ತು?” ಎಂದ. ನಾನು ಒಂದೇ ಉಸಿರಿನಲ್ಲಿ ಹೇಳಿದೆ: ಒಂದು ಮಿಷನ್, ಕತ್ತರಿಸಲು ಮೇಜು, ಪೇಟೆಯಲ್ಲಿ ಅಂಗಡಿ, ಮಾರಲು ಒಂದಿಷ್ಟು ಕುಪ್ಪಸದ ಬಟ್ಟೆ.

ಅವನು ನಗಲಿಲ್ಲ. “ಮೊದಲು ಒಂದು ಮಿಷನ್ ಸಾಲ ತೀರಿಸಿ ತೋರಿಸಿ. ಅಂಗಡಿ ವಿಷಯ ಆಮೇಲೆ ನೋಡೋಣ,” ಎಂದು ಬಿಡಿಸಿ ಹೇಳಿದ. ಸಾಲ ನನ್ನ ಹೆಸರಿನಲ್ಲೇ. ಮನೆಪತ್ರ, ಒಡವೆ, ಜಾಮೀನುದಾರ ಯಾವುದೂ ಬೇಡ. ಆದರೆ ದುಡ್ಡು ನನ್ನ ಕೈಗೆ ಬರುವುದಿಲ್ಲ. ಚಿತ್ರದುರ್ಗದ ಮಿಷನ್ ಅಂಗಡಿಯಿಂದ ಬೆಲೆಪಟ್ಟಿ ತಂದುಕೊಟ್ಟರೆ ಬ್ಯಾಂಕು ನೇರ ಆ ಅಂಗಡಿಗೇ ಹಣ ಕಳಿಸುತ್ತದೆ. ಕಂತು ತೀರುವವರೆಗೆ ಮಿಷನ್ನಿನ ಮೇಲೆ ಬ್ಯಾಂಕಿನ ಹಕ್ಕು. ಮಾರುವಂತಿಲ್ಲ, ಒತ್ತೆ ಇಡುವಂತಿಲ್ಲ. “ಅರ್ಧ ಕಟ್ಟಿದ್ರೆ ಉಳಿದದ್ದು ಮನ್ನಾ ಆಗುತ್ತೆ ಅಂತ ಯಾರಾದ್ರೂ ಅಂದ್ರೆ ನಂಬಬೇಡಿ. ಮಾಡಿಸಿಕೊಡ್ತೀನಿ ಅಂತ ದುಡ್ಡು ಕೇಳಿದವರಿಗೆ ಕೊಡಬೇಡಿ.”

ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ ಎಂದು ಕೇಳಿದ. ಮದುವೆ ತಿಂಗಳುಗಳನ್ನು ನೆನೆದು ನಾನು ದೊಡ್ಡದಾಗಿ ಹೇಳಿದೆ. “ಆಷಾಢದಲ್ಲಿ ಎಷ್ಟು ಕುಪ್ಪಸ ಬರುತ್ತೆ?” ಎಂದ. ಒಂದೆರಡು ಬಂದರೆ ಹೆಚ್ಚು ಎಂದೆ. ಕೆಲಸವಿಲ್ಲದ ತಿಂಗಳಿನಲ್ಲೂ ಕಟ್ಟಲು ಸಾಧ್ಯವಾಗುವಷ್ಟಕ್ಕೆ ಕಂತು ಇಳಿಸಿ ಮೂರು ವರ್ಷಕ್ಕೆ ಹಂಚಿದ. ಬೇಕಾದ ಕಾಗದಗಳನ್ನು ಚೀಟಿಯಲ್ಲಿ ಬರೆದುಕೊಟ್ಟ: ಮಿಷನ್ನಿನ ಬೆಲೆಪಟ್ಟಿ, ರೇಷನ್ ಕಾರ್ಡು, ಎರಡು ಫೋಟೋ, ತಾಲ್ಲೂಕು ಆಫೀಸಿನಿಂದ ಆದಾಯದ ಪತ್ರ.

“ಆದಾಯದ ಪತ್ರ ಮಾತ್ರ ಸರಿಯಾಗಿರಬೇಕು. ಇದು ತೀರಾ ಕಮ್ಮಿ ವರಮಾನದವರಿಗೆ ಇರೋ ಸಾಲ. ನಿಮ್ಮೊಬ್ಬರದಲ್ಲ, ಕಾರ್ಡಿನಲ್ಲಿರೋ ಇಡೀ ಮನೆಯ ವರಮಾನ ನೋಡ್ತಾರೆ. ಮಿತಿ ದಾಟಿದ್ರೆ ನನ್ನ ಕೈಯಲ್ಲಿ ಏನೂ ಇಲ್ಲ.”

ಅದಕ್ಕೇನು, ನಮ್ಮ ಮನೆಯ ಬಡತನಕ್ಕೆ ಸಾಕ್ಷಿ ಬೇಕೇ ಎಂದುಕೊಂಡೆ. ದಾರಿಯಲ್ಲಿ ಗಂಡ, “ಅವ್ವಂಗೆ ಈಗ್ಲೇ ಹೇಳಬ್ಯಾಡ ಕಣೆ. ಸೊಸೆ ಸ್ವಂತಕ್ಕೆ ಮಿಷನ್ ಮಾಡ್ಕಂತಾಳೆ ಅಂದ್ರೆ ಬ್ಯಾರೆ ಹೋಗಾಕೆ ಅಂತ ತಿಳ್ಕಂತಾಳೆ,” ಎಂದರು. ನನಗೂ ಅದೇ ಸರಿ ಎನಿಸಿತು. ಫೋಟೋ ತೆಗೆಸಿದೆ. ಬೆಲೆಪಟ್ಟಿಯನ್ನು ಗಂಡ ಚಿತ್ರದುರ್ಗಕ್ಕೆ ಬಸ್ಸಿನಲ್ಲಿ ಹೋಗಿ ತಂದರು. ಸ್ಟಾಂಪು ಹಚ್ಚಿದ ಅರ್ಜಿಯನ್ನು ತಾಲ್ಲೂಕು ಆಫೀಸಿಗೆ ಕೊಟ್ಟು ಬಂದೆ. ಗ್ರಾಮಲೆಕ್ಕಿಗರು ಮನೆಗೆ ಬಂದು ವಿಚಾರಿಸಿ ವರದಿ ಕೊಡುತ್ತಾರೆ, ಅದರ ಮೇಲೆ ತಹಶೀಲ್ದಾರರ ಸಹಿ ಬೀಳುತ್ತದೆ ಎಂದರು. ನಾನು ದಿನಾ ಬಾಗಿಲು ನೋಡುತ್ತಾ ಲಂಗ ಹೊಲಿದೆ.

ಅವರು ಬಂದದ್ದು ನಾನು ಅಂಗಡಿಗೆ ಲಂಗದ ಗಂಟು ಕೊಡಲು ಹೋಗಿದ್ದ ದಿನ. ಮನೆಗೆ ಬಂದರೆ ಅತ್ತೆಯ ಮುಖದಲ್ಲಿ ಹಬ್ಬ. ಒಳ್ಳೆಯ ಸೀರೆ ಉಟ್ಟಿದ್ದಾರೆ, ಹಿತ್ತಾಳೆ ಲೋಟ ಹೊರಗೆ ಬಂದಿದೆ. ಹಿಂದಿನ ಖಾಲಿ ಜಾಗದಲ್ಲಿ ಅತ್ತೆಯ ತಮ್ಮನ, ಅಂದರೆ ನನ್ನ ಗಂಡನ ಸೋದರಮಾವನ ಹಿಂಡು. ಮೇವು ಅರಸಿ ಹೋಗುವಾಗ ಅವರು ವರ್ಷಕ್ಕೊಮ್ಮೆ ನಮ್ಮಲ್ಲಿ ಒಂದೆರಡು ದಿನ ಕುರಿ ತರುಬಿ, ಮಂದೆ ನಿಲ್ಲಿಸಿ ಹೋಗುವುದಿತ್ತು.

“ಹೆಣ್ಣಿನ ಕಡೇರು ಬಂದಿದ್ರು ಕಣವ್ವ,” ಎಂದರು ಅತ್ತೆ.

ಮೈದುನನಿಗೆ ಹಿರಿಯೂರಿನ ಕಡೆ ಒಂದು ಸಂಬಂಧ ನೋಡುತ್ತಿದ್ದರು. ಮಾರಿಕಣಿವೆಯ ನೀರು ಹರಿಯುವ ಗದ್ದೆ ಇದ್ದ ಮನೆ. ನಮ್ಮ ಜನದಲ್ಲಿ ಹೆಣ್ಣು ಕೊಡುವವರು ಮೊದಲು ತಾವೇ ಬರುವುದಿಲ್ಲ. ಪರಿಚಯವಿಲ್ಲದ ಯಾರನ್ನೋ ಸುಮ್ಮನೆ ಕಳಿಸುತ್ತಾರೆ. ಅವರು ಬಂದು ನೀರು ಕುಡಿದು, ಎಷ್ಟು ಜನ ದುಡಿಯುತ್ತೀರಿ, ಎಷ್ಟು ಕುರಿ ಅವೆ, ಹೊಲ ಐತೇನು ಎಂದು ವಿಚಾರಿಸಿ ಹೋಗುತ್ತಾರೆ. ಯಾರು ನೀವು ಎಂದು ಅವರನ್ನು ಕೇಳುವುದು ಮರ್ಯಾದೆಯಲ್ಲ. ಇಲ್ಲ ಎನ್ನುವುದಂತೂ ಮಗನ ಮದುವೆಗೆ ಕಲ್ಲು ಹಾಕಿಕೊಂಡಂತೆ. ಹೆಣ್ಣಿನ ಸೋದರಮಾವ ಹೊಳಲ್ಕೆರೆ ತಾಲ್ಲೂಕು ಆಫೀಸಿನಲ್ಲೇ ಗುಮಾಸ್ತ ಎಂದು ಮದುವೆಯ ಮಾತಿಗೆ ನಡುವೆ ಓಡಾಡುತ್ತಿದ್ದ ಹಿರಿಯರು ಬೇರೆ ಹೇಳಿದ್ದರು.

“ಯಾರು ಬಂದಿದ್ರು ಅತ್ತೆ?”

“ತಾಲ್ಲೂಕಿಂದ ಬಂದೀವಿ ಅಂದ್ರು. ಕುಂತ್ಕಳ್ರಿ ಅಂದೆ. ಕಾಫಿ ಕೊಟ್ಟೆ. ಎಲ್ಲ ಕೇಳಿ ಬರ್ಕಂಡು ಹೋದ್ರು.”

ಬರ್ಕಂಡು ಎಂದದ್ದೇ ತಡ, ಬಂದವರು ಗ್ರಾಮಲೆಕ್ಕಿಗರೇ ಎಂದು ನನಗೆ ಹೊಳೆಯಿತು. ಹೆಣ್ಣಿನ ಕಡೆಯವರು ಯಾರಾದರೂ ಬರೆದುಕೊಳ್ಳುತ್ತಾರೆಯೇ? ಏನು ಹೇಳಿದಿರಿ ಎಂದು ಕೇಳಿದೆ. ಅತ್ತೆ ಹಿಗ್ಗಿನಿಂದ ಒಂದೊಂದಾಗಿ ಹೇಳಿದರು. ದೊಡ್ಡ ಮಗ ಮಿಲ್ಲಿನಲ್ಲಿ ಮೇಸ್ತ್ರಿ. ಚಿಕ್ಕವನು ಲಾರಿ ಡ್ರೈವರ್, ಸಂಬಳದ ಮೇಲೆ ಬತ್ತೆ. ಸೊಸೆಯ ಹೊಲಿಗೆಗೆ ಪೇಟೆಯ ಅಂಗಡಿಯವರೇ ಮನೆ ಬಾಗಿಲಿಗೆ ಬರುತ್ತಾರೆ. ಕುರಿ ಎಷ್ಟು ಎಂದದ್ದಕ್ಕೆ ಹಿತ್ತಲ ಬಾಗಿಲು ತೆರೆದು, “ನೋಡ್ರಿ, ನೀವೇ ಎಣಿಸ್ಕಳ್ರಿ” ಎಂದರಂತೆ.

ನಾನು ಗೋಡೆಗೆ ಒರಗಿ ಕುಳಿತೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆಗಲೇ ಎಲ್ಲ ಹೇಳಿಬಿಡಬಹುದಿತ್ತು. ಧೈರ್ಯ ಸಾಲದೆ ಸುಮ್ಮನಿದ್ದೆ.

ಹದಿನೈದು ದಿನದ ಮೇಲೆ ಆದಾಯದ ಪತ್ರ ಕೈಗೆ ಬಂತು. ಸೀಲು, ಸಹಿ ಎಲ್ಲ ಚೊಕ್ಕಟವಾಗಿತ್ತು. ಬ್ಯಾಂಕಿನ ಹುಡುಗ ಅದನ್ನು ಎರಡು ಸಲ ಓದಿದ. “ಅಮ್ಮ, ಇದರ ಪ್ರಕಾರ ನೀವು ಅನುಕೂಲಸ್ಥರು,” ಎಂದ. ಮಿತಿಯ ಮೇಲೆ ಎಷ್ಟೋ ದೂರ ಹೋಗಿತ್ತು ನಮ್ಮ ವರಮಾನ. ನಾನು ಕುರಿಯ ಕಥೆ ಹೇಳಿದೆ. ಅವನ ತುಟಿ ಅಲುಗಿತು, ಆದರೆ ಮಾತು ಬದಲಾಗಲಿಲ್ಲ. “ನಂಬ್ತೀನಿ. ಆದರೆ ನನ್ನ ನಂಬಿಕೆಯನ್ನ ಅರ್ಜಿಗೆ ಲಗತ್ತಿಸೋಕೆ ಆಗಲ್ಲ. ಬೇರೆ ಸಾಲ ಇದೆ. ಬಡ್ಡಿ ಮೂರು ಪಟ್ಟು ಹೆಚ್ಚು, ಅದಕ್ಕೆ ನಮ್ಮ ಮ್ಯಾನೇಜರು ಜಾಮೀನು ಕೇಳ್ತಾರೆ. ಊರಿನಲ್ಲಿ ಆಸ್ತಿ ಇರೋರು ಯಾರಾದರೂ ನಿಲ್ತಾರಾ?”

ನನಗೆ ಗೊತ್ತಿದ್ದ ಆಸ್ತಿವಂತರು ಒಬ್ಬರೇ, ಜವಳಿ ಅಂಗಡಿಯ ಸಾಹುಕಾರರು.

ತಾಲ್ಲೂಕು ಆಫೀಸಿಗೆ ಹೋಗಿ ಗ್ರಾಮಲೆಕ್ಕಿಗರನ್ನು ಹಿಡಿದೆ. ಅವರಿಗೆ ಸಿಟ್ಟು ಬಂತು. “ನಾನೇನು ಮನಸ್ಸಿಗೆ ಬಂದಂಗೆ ಬರೆದ್ನೇನಮ್ಮಾ? ಯಜಮಾನಿ ಬಾಯಾರೆ ಹೇಳಿದ್ದು, ಕುರಿ ನಾನು ಕಣ್ಣಾರೆ ನೋಡಿದ್ದು. ತಪ್ಪು ಅಂದ್ರೆ ತಹಶೀಲ್ದಾರ್‌ಗೆ ಅರ್ಜಿ ಕೊಡ್ರಿ. ಯಜಮಾನಿ ಇಲ್ಲಿಗೆ ಬಂದು ಹೇಳಿಕೆ ಕೊಟ್ಟು ಹೆಬ್ಬೆಟ್ಟು ಒತ್ತಬೇಕು. ನೆರೆಹೊರೇರು ಇಬ್ರು ಸಹಿ ಹಾಕಬೇಕು. ಆಮೇಲೆ ತಿದ್ದಾಣ.”

ಸರಿ, ಅತ್ತೆಯನ್ನು ಒಪ್ಪಿಸಿದರಾಯಿತು ಎಂದು ಮನೆಗೆ ಬಂದೆ. ಜಗಲಿಯ ಮೇಲೆ ಮದುವೆಯ ಹಿರಿಯರು ಬೆಲ್ಲ ಬಾಯಿಗೆ ಹಾಕಿಕೊಂಡು ಕುಳಿತಿದ್ದರು. ಹಿರಿಯೂರಿನವರು ಒಪ್ಪಿದ್ದಾರೆ! ಗುಮಾಸ್ತರ ಮೇಜಿನ ಮೇಲೇ ನಮ್ಮ ಮನೆಯ ಕಾಗದ ಹಾದುಹೋಗಿದೆ. “ಬಾಯಿ ಮಾತಲ್ಲ, ಸರ್ಕಾರಿ ಕಾಗದದಾಗೇ ಐತೆ, ಸೀಲು ಬಿದ್ದೈತೆ” ಎಂದು ಅವರೇ ಅಕ್ಕನ ಮನೆಗೆ ಹೇಳಿಕಳಿಸಿದರಂತೆ. ಬಸವ ಜಯಂತಿ ಆದ ಮರುವಾರವೇ ವೀಳ್ಯದ ಶಾಸ್ತ್ರ. ಮೈದುನ ಬಾಗಿಲ ಹಿಂದೆ ನಿಂತು ನಗು ಅಡಗಿಸಿಕೊಳ್ಳುತ್ತಿದ್ದ. ಅವನು ಆ ಹುಡುಗಿಯನ್ನು ಹಿರಿಯೂರಿನ ಸಂತೆಯಲ್ಲಿ ದೂರದಿಂದ ನೋಡಿ ಬಂದಿದ್ದ ಎಂದು ನನಗೊಬ್ಬಳಿಗೇ ಗೊತ್ತಿತ್ತು.

ನಾನು ಒಳಗೆ ಹೋಗಿ ಮಿಷನ್ನಿನ ಮುಂದೆ ಕುಳಿತೆ. ಒಂದೇ ಕಾಗದ. ಅದು ಹಾಗೇ ಉಳಿದರೆ ಮೈದುನನಿಗೆ ಹೆಂಡತಿ ಬರುತ್ತಾಳೆ, ನನಗೆ ಮಿಷನ್ ಬರುವುದಿಲ್ಲ. ತಿದ್ದಿಸಿದರೆ ಮಿಷನ್ ಬರುತ್ತದೆ, ಆದರೆ ತಿದ್ದುವ ಕಾಗದವೂ ಆ ಗುಮಾಸ್ತರ ಮೇಜಿನ ಮೇಲೇ ಹಾಯಬೇಕು. ಮಧ್ಯದಲ್ಲಿ ಮತ್ತೊಂದು. ಬೆಲೆಪಟ್ಟಿ ತಂದ ಸುದ್ದಿ ಹೇಗೋ ಸಾಹುಕಾರರಿಗೆ ಮುಟ್ಟಿತ್ತು. “ಸ್ವಂತ ಮಿಷನ್ ಮಾಡ್ಕಂತೀಯಂತೆ, ಸಂತೋಷ. ಶಾಲೆ ಬಟ್ಟೆ ಮುಗಿದ ದಿನ ನಮ್ಮದು ವಾಪಸು ಕಳ್ಸಿಬಿಡು,” ಎಂದು ನಗುನಗುತ್ತಲೇ ಹೇಳಿದ್ದರು. ಅಂದರೆ ಜೂನ್ ಬಂದರೆ ಅವರದೂ ಇಲ್ಲ, ನನ್ನದೂ ಇಲ್ಲ.

ಆ ವಾರವೇ ಅತ್ತೆಗೆ ಎಲ್ಲ ಹೇಳಿದೆ. ಸಮಾಧಾನದಿಂದ ಹೇಳಬೇಕೆಂದು ಶುರು ಮಾಡಿದವಳು ಕೊನೆಗೆ ಕಿರುಚಿದೆ. “ನಿಮ್ಮ ಬಾಯಿಂದ ನನ್ನ ಮಿಷನ್ ಹೋತು! ಸಾಯೋತನಕ ನಾನು ಆ ಸಾಹುಕಾರರ ಲಂಗ ಹೊಲೀಬೇಕೇನು?”

ಅತ್ತೆ ಅಷ್ಟೇ ಜೋರಾಗಿ, “ನೀನು ಬಾಯಿ ಮುಚ್ಕಂಡಿದ್ದಕ್ಕೆ ನಾನು ಬಾಯಿ ಬಿಟ್ಟೆ. ಸಾಲ ತಗಂತೀನಿ ಅತ್ತೆ ಅಂತ ಒಂದು ಮಾತು ಅಂದಿದ್ರೆ ಬಂದೋರ ಮುಂದೆ ಹರಕು ಸೀರೆ ಉಟ್ಕಂಡು ಕುಂದರ್ತಿದ್ದೆ!” ಎಂದರು.

ಗಂಡ ಒಂದು ದಾರಿ ಹುಡುಕಿದರು. ಮದುವೆ ಆಗಿಹೋಗಲಿ, ಆಮೇಲೆ ತಿದ್ದಿಸಾಣ ಎಂದರು. ನಾನು ತಕ್ಷಣ ಒಪ್ಪಿದೆ. ಹೌದು, ಒಪ್ಪಿದೆ, ಈಗ ಸುಳ್ಳು ಯಾಕೆ ಹೇಳಲಿ. ನಾಲ್ಕು ತಿಂಗಳು ಕೈಹೊಲಿಗೆ ಮಾಡಿಕೊಂಡಾದರೂ ಕಾಯೋಣ ಎಂದುಕೊಂಡೆ. ಅತ್ತೆ ಮೂರು ದಿನ ಸರಿಯಾಗಿ ಊಟವನ್ನೂ ಮಾಡಲಿಲ್ಲ. ಆ ಎರಡು ಕೋಣೆಯಲ್ಲಿ ಮೂರು ಜನ ಒಬ್ಬರಿಗೊಬ್ಬರು ಮುಖ ತಪ್ಪಿಸಿಕೊಂಡು ತಿರುಗುವುದೆಂದರೆ ಉಸಿರು ಕಟ್ಟುತ್ತಿತ್ತು. ಮೈದುನನಿಗೆ ಮಾತ್ರ ಏನೂ ತಿಳಿದಿರಲಿಲ್ಲ. ಚಿತ್ರದುರ್ಗದಿಂದ ಬರುವಾಗ ನನಗೆಂದು ಬಣ್ಣದ ದಾರದ ಉಂಡೆ ತಂದಿದ್ದ. “ಅತ್ಗೆ, ಮದುವೆ ಕುಪ್ಪಸ ನೀವೇ ಹೊಲೀಬೇಕು” ಎಂದ.

ನಾಲ್ಕನೆಯ ದಿನ ಬೆಳಗ್ಗೆ ಅತ್ತೆ ತಲೆಗೆ ಎಣ್ಣೆ ಹಚ್ಚಿಕೊಂಡು, ದಿನಾ ಉಡುವ ಮಾಸಲು ಸೀರೆಯಲ್ಲೇ ಹೊರಗೆ ಬಂದರು. “ನಡಿ, ತಾಲ್ಲೂಕಿಗೆ ಹೋಗಾಣ.”

“ಮದುವೆ ಆಗ್ಲಿ ಅಂತ ನಿಮ್ಮ ಮಗ ಅಂದಿದ್ರಲ್ಲ?”

“ಆದ್ಮೇಲೆ ತಿದ್ದಿಸಿದ್ರೆ ಆ ಹುಡುಗಿ ಈ ಮನೆಗೆ ಬಂದು ಕುರಿ ಎಲ್ಲಿ ಅಂತ ಕೇಳಿದ್ರೆ ಏನು ತೋರಿಸ್ಲಿ? ನಿನಗಂತೂ ಒಂದು ಮಿಷನ್ನಾದ್ರೂ ಬರ್ಲಿ.”

ನಾನು ಬೇಡ ಎನ್ನಬೇಕಿತ್ತು. ಕೊನೆಪಕ್ಷ ಮೈದುನನಿಗೆ ಹೇಳಿ ಹೋಗೋಣ ಎನ್ನಬೇಕಿತ್ತು. ಅವನು ಲಾರಿಯ ಜೊತೆ ಹೋಗಿದ್ದ, ಸಂಜೆಗೆ ಬರುವವನಿದ್ದ. ಎಲ್ಲಿ ಅತ್ತೆಯ ಮನಸ್ಸು ಬದಲಾಗಿಬಿಡುತ್ತದೋ ಎಂದು ನಾನು ಚಪ್ಪಲಿ ಮೆಟ್ಟಿದೆ. ಪಕ್ಕದ ಮನೆಯಾಕೆಯ ಗಂಡನನ್ನೂ ಎದುರು ಮನೆಯವರನ್ನೂ ಸಾಕ್ಷಿಗೆ ಕರೆದುಕೊಂಡು ಹೊರಟೆವು.

ಹೇಳಿಕೆ ಬರೆದುಕೊಂಡದ್ದು ಆ ಗುಮಾಸ್ತರೇ. ಬೇರೆ ಯಾರಾದರೂ ಇದ್ದಾರೇನೋ ಎಂದು ಸುತ್ತ ನೋಡಿದೆ, ಇರಲಿಲ್ಲ. ಅತ್ತೆ ನಿಂತುಕೊಂಡೇ ಹೇಳಿದರು. “ಕುರಿ ನನ್ನ ತಮ್ಮಂದು. ನಂದು ಒಂದೂ ಇಲ್ಲ. ಹೊಲ ಇಲ್ಲ. ದೊಡ್ಡೋನು ಮೂಟೆ ಹೊರ್ತಾನೆ. ಚಿಕ್ಕೋನು ಲಾರಿ ತೊಳೀತಾನೆ. ಸೊಸೆ ಅಂಗಡಿ ಲಂಗ ಹೊಲೀತಾಳೆ. ಅವತ್ತು ನಾನು ಹೇಳಿದ್ದೆಲ್ಲ ಸುಳ್ಳು.” ಗುಮಾಸ್ತರ ಲೇಖನಿ ಒಂದು ಕಡೆ ನಿಂತಿತು. ತಲೆ ಎತ್ತಿ ಅತ್ತೆಯನ್ನು ನೋಡಿದರು. ಮಿಕ್ಕದ್ದನ್ನು ಬರೆದು, ಓದಿ ಹೇಳಿ, ಶಾಯಿಯ ಡಬ್ಬಿಯನ್ನು ಮುಂದೆ ತಳ್ಳಿದರು. ಅತ್ತೆ ಹೆಬ್ಬೆಟ್ಟು ಒತ್ತಿದರು. ಹಿಂದಿರುಗುವಾಗ ದಾರಿಯುದ್ದಕ್ಕೂ ಸೀರೆಯ ಸೆರಗಿಗೆ ಆ ಬೆರಳು ಉಜ್ಜುತ್ತಲೇ ಇದ್ದರು.

ಎರಡು ದಿನದಲ್ಲಿ ಸಂಬಂಧ ಬೇಡವೆಂದು ಹಿರಿಯೂರಿನಿಂದ ಸುದ್ದಿ ಬಂತು. ಮೈದುನ ಯಾರನ್ನೂ ಏನೂ ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರಾಗುತ್ತಿತ್ತು. ಲಾರಿಯಲ್ಲೇ ಮಲಗುವುದನ್ನು ಅಭ್ಯಾಸ ಮಾಡಿಕೊಂಡ, ಮನೆಗೆ ಬರುವುದು ಕಡಿಮೆಯಾಯಿತು. ಆಮೇಲೆ ಬಂದ ಒಂದೆರಡು ಸಂಬಂಧಗಳನ್ನು ಅವನೇ ಬೇಡ ಎಂದ.

ಮಿಷನ್ ಜೂನ್ ತಿಂಗಳಲ್ಲಿ ಬಸ್ಸಿನ ಮೇಲೆ ಬಂತು. ಅದರ ಹಲಗೆಯ ಬದಿಗೆ ಬ್ಯಾಂಕಿನ ಹೆಸರನ್ನು ಬಿಳಿ ಬಣ್ಣದಲ್ಲಿ ಬರೆಸಿದ್ದರು. ಸ್ವಂತ ಮಿಷನ್ ಬಂದ ದಿನದಿಂದ ನಾನು ಸಾಹುಕಾರರ ಮುಖ ನೋಡುವುದಿಲ್ಲ ಎಂದು ಶಪಥ ಮಾಡಿದ್ದೆ. ಆಷಾಢ ಬಂದಾಗ ಶಪಥ ಮುರಿದು ಅವರಲ್ಲೇ ಲಂಗ ಕೇಳಿ ತಂದೆ, ಬ್ಯಾಂಕಿನ ಹುಡುಗ ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು. ಮಿಷನ್ ನನ್ನದಾದ್ದರಿಂದ ಅವರು ಬಾಡಿಗೆ ಮುರಿಯುವಂತಿರಲಿಲ್ಲ, ಅಷ್ಟೇ ಲಾಭ. ಶ್ರಾವಣದಿಂದ ಮನೆಗೆ ಕುಪ್ಪಸದ ಬಟ್ಟೆಗಳು ಬಂದವು. ಅಂಗಡಿ ಮಾಡಲಿಲ್ಲ, ಮೇಜು ಮಾತ್ರ ಎರಡನೇ ವರ್ಷ ಮಾಡಿಸಿದೆ. ಒಂದು ಕಂತೂ ತಪ್ಪಿಸಲಿಲ್ಲ.

ಮೂರು ವರ್ಷವಾದ ಮೇಲೆ ಕೊನೆಯ ಕಂತು ಕಟ್ಟಿದ ದಿನ ಬ್ಯಾಂಕಿನವರು ಒಂದು ಕಾಗದ ಕೊಟ್ಟರು. ಓಡುತ್ತಲೇ ಮನೆಗೆ ಬಂದು ಅತ್ತೆಯ ಮುಂದೆ ಹಿಡಿದೆ. ಏನು ಬರೆದೈತೆ, ಓದು ಎಂದರು. ಸಾಲ ಪೂರ್ತಿ ತೀರಿದೆ, ಇವರಿಂದ ಏನೂ ಬಾಕಿ ಇಲ್ಲ ಎಂದು ಓದಿದೆ.

“ಯಾರಿಗೂ ಏನೂ ಕೊಡೋದು ಬಾಕಿ ಇಲ್ಲ ಅಂತಾನಾ?”

“ಹೂಂ ಅತ್ತೆ.”

ಅತ್ತೆ ಹಿತ್ತಲ ಕಡೆ ನೋಡಿದರು. ಅಪರೂಪಕ್ಕೆ ಮನೆಗೆ ಬಂದಿದ್ದ ಮೈದುನ ಅಲ್ಲಿ ಕಲ್ಲಿನ ಮೇಲೆ ಕುಳಿತು ಬೀಡಿ ಸೇದುತ್ತಿದ್ದ. “ಹೋಗು, ಅವನ ಮುಂದೆ ಓದಿ ಹೇಳು,” ಎಂದರು.

ಕಾಗದ ಹಿಡಿದು ಹಿತ್ತಲಿಗೆ ಹೋದೆ. ಅವನು ಬೀಡಿ ಆರಿಸಿ ಎದ್ದು ನಿಂತು, “ಏನತ್ಗೆ?” ಎಂದ. ಕಾಗದವನ್ನು ಸೆರಗಿನೊಳಗೆ ಮಡಚಿಕೊಂಡೆ. “ಏನಿಲ್ಲಪ್ಪ, ನಿನ್ನ ಅಂಗಿ ಗುಂಡಿ ಕಿತ್ತೈತೆ. ಕೊಡು, ಹಾಕ್ಕೊಡ್ತೀನಿ,” ಎಂದೆ. ಅವನು ಒಂದು ಗಳಿಗೆ ನನ್ನನ್ನೇ ನೋಡಿದ. ಆಮೇಲೆ ಅಂಗಿ ಬಿಚ್ಚಿ ಕೊಟ್ಟ.